ನೇರಪ್ರಸಾರದ ನಡುವೆ ಅತಿಥಿ ಮಾಯವಾದರೆ ನಿರೂಪಕರು ಏನು ಮಾತಾಡಬೇಕು? (ಗುಂಪಿನ ಪ್ರಶ್ನೋತ್ತರ)

ತುಂಗಾತೀರ: ಅಕ್ಕ, ನಾವು ತಿಂಗಳಿಗೊಮ್ಮೆ ಅಡಿಕೆ ಬೆಳೆಗಾರರಿಗಾಗಿ ಯೂಟ್ಯೂಬಿನಲ್ಲಿ ಲೈವ್ ಮಾಡುತ್ತೇವೆ. ನಿರೂಪಣೆ ನನ್ನದು, ಲ್ಯಾಪ್‌ಟಾಪ್ ಚಿಕ್ಕಪ್ಪನ ಮಗನದು. ಹೋದ ಶನಿವಾರ ಕೊಳೆರೋಗದ ಬಗ್ಗೆ ತಜ್ಞರೊಬ್ಬರು ಅವರ ಮನೆಯಿಂದಲೇ ಮಾತಾಡುತ್ತಿದ್ದರು. 7:22ಕ್ಕೆ ಅಲ್ಲಿ ಕರೆಂಟ್ ಹೋಯಿತು. ಅವರು ತಿರುಗಿ ಬಂದದ್ದು 7:33ಕ್ಕೆ. ಆ ಹನ್ನೊಂದು ನಿಮಿಷ ನಾನೊಬ್ಬಳೇ ಮಾತಾಡಿದೆ, ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ನೋಡುತ್ತಿದ್ದವರು 210 ಇದ್ದದ್ದು 64 ಆಯಿತು. ಇಂಥ ಹೊತ್ತಿನಲ್ಲಿ ಏನು ಮಾತಾಡಬೇಕು?

ಉದ್ಘೋಷಕಿ: ಉತ್ತರಿಸುವ ಮೊದಲು ಮೂರು ವಿಷಯ ತಿಳಿಸಿ. ಆ ಹನ್ನೊಂದು ನಿಮಿಷ ಪರದೆಯ ಮೇಲೆ ಏನು ಕಾಣುತ್ತಿತ್ತು? ಯೂಟ್ಯೂಬ್ ಸ್ಟುಡಿಯೊದಲ್ಲಿ ಯಾವ ನಿಮಿಷಕ್ಕೆ ಎಷ್ಟು ಜನ ಇದ್ದರು ಎಂಬ ಗೆರೆ ಸಿಗುತ್ತದೆ, ಅದರಲ್ಲಿ ಇಳಿತ ಎಲ್ಲೆಲ್ಲಿ ಇದೆ? ಮೂರನೆಯದು, ರೆಕಾರ್ಡಿಂಗ್ ಹಾಕಿಕೊಂಡು ನೀವು ಏನೇನು ಹೇಳಿದಿರಿ ಎಂದು ಬರೆದು ಕಳಿಸಿ. ನೆನಪಿನಿಂದ ಬೇಡ, ಕೇಳಿಸಿಕೊಂಡು ಬರೆಯಿರಿ.

ಹುಬ್ಬಳ್ಳಿ ಹುಡುಗ: ಅಕ್ಕಾರ, ನಾವು ಕಬಡ್ಡಿ ಟೂರ್ನಮೆಂಟ್ ಲೈವ್ ಮಾಡ್ತೀವಿ. ಲೈಟ್ ಹೋದ್ರ ಇಪ್ಪತ್ತು ನಿಮಿಷ ಆಟ ನಿಂತಬಿಡ್ತದ. ಆವಾಗ ಸಿನಿಮಾ ಹಾಡ ಹಾಕಬೌದಾ? ಎಲ್ಲಾರೂ ಹಾಕ್ತಾರ.

ಉದ್ಘೋಷಕಿ: ಹಾಕಬೇಡಿ. ಲೈವ್ ನಡೆಯುತ್ತಿರುವಾಗಲೇ ಯೂಟ್ಯೂಬ್ ಬೇರೆಯವರ ಹಕ್ಕಿನ ಹಾಡು ಇದೆಯೇ ಎಂದು ಹುಡುಕುತ್ತಿರುತ್ತದೆ. ಸಿಕ್ಕರೆ ನಿಮ್ಮ ಚಿತ್ರದ ಜಾಗದಲ್ಲಿ ಬರೀ ಫಲಕ ಬರಬಹುದು, ಹಾಡು ಮುಂದುವರಿದರೆ ಪ್ರಸಾರವೇ ನಿಲ್ಲಬಹುದು. ಆಟ ನಿಂತಿದ್ದು ಇಪ್ಪತ್ತು ನಿಮಿಷ, ಚಾನೆಲ್ ನಿಲ್ಲುವುದು ಅದಕ್ಕಿಂತ ಹೆಚ್ಚು.

ಕಡಲ ಕಿನಾರೆ: ನಾವು ರಾತ್ರಿಯಿಡೀ ಯಕ್ಷಗಾನ ಲೈವ್ ಮಾಡುವವರು. ನಮ್ಮಲ್ಲಿ ನಿರೂಪಣೆಯೇ ಇಲ್ಲ ಮಾರಾಯ್ರೆ. ಏನಾದರೂ ತಡ ಆದರೆ ರಂಗಸ್ಥಳದ ಮೈಕ್ ಹಾಗೇ ಬಿಟ್ಟರಾಯಿತು. ಚೆಂಡೆ ಬಿಗಿ ಮಾಡುವುದು, ಜನ ಮಾತಾಡುವುದು ಎಲ್ಲ ಕೇಳ್ತದೆ, ಯಾರೂ ಹೋಗುವುದಿಲ್ಲ. ಈ ಮಾತು ತುಂಬಿಸುವ ಚಿಂತೆ ಯಾಕೆ?

ಉದ್ಘೋಷಕಿ: ಯಕ್ಷಗಾನಕ್ಕೆ ನೀವು ಹೇಳಿದ್ದು ಸರಿ. ಅಲ್ಲಿ ಜಾಗಕ್ಕೇ ಒಂದು ಸದ್ದಿದೆ, ನೋಡುವವರಿಗೆ ಆಟ ಇನ್ನೂ ಅಲ್ಲೇ ಇದೆ ಎಂದು ಗೊತ್ತಾಗುತ್ತದೆ. ಆದರೆ ಆ ಮೈಕ್ ಮುಂದೆ ಯಾರು ನಿಂತಿದ್ದಾರೆ ಎಂಬುದನ್ನು ಒಬ್ಬರು ನೋಡುತ್ತಿರಲೇಬೇಕು, ವೇಷ ಕಟ್ಟುವ ಚೌಕಿಯ ಮಾತು ಊರಿಗೆಲ್ಲ ಕೇಳಿಸಬಾರದು. ತುಂಗಾತೀರ ಅವರದು ಖಾಲಿ ಕೋಣೆ, ಒಂದು ಕುರ್ಚಿ, ಒಂದು ಲ್ಯಾಪ್‌ಟಾಪ್. ಅಲ್ಲಿ ಮೈಕ್ ತೆರೆದಿಟ್ಟರೆ ಕೇಳುವುದು ಫ್ಯಾನಿನ ಸದ್ದು.

ತುಂಗಾತೀರ: ಕೇಳಿಸಿಕೊಂಡು ಬರೆದಿದ್ದೇನೆ ಅಕ್ಕ. ಪರದೆಯ ಅರ್ಧದಲ್ಲಿ ತಜ್ಞರ ಮುಖ, ಬಾಯಿ ಅರ್ಧ ತೆರೆದು ನಿಂತುಹೋದದ್ದು, ಹನ್ನೊಂದು ನಿಮಿಷವೂ ಹಾಗೇ ಇತ್ತು. ಇನ್ನರ್ಧದಲ್ಲಿ ನಾನು. ಮೊದಲ ನಿಮಿಷದಲ್ಲೇ 210ರಿಂದ 181. ಆಮೇಲೆ ನಿಧಾನವಾಗಿ 160. 7:27ರಿಂದ 7:29ರೊಳಗೆ ಒಮ್ಮೆಲೇ 95. ಕೊನೆಗೆ 64.

ಮಾತು ಹೀಗಿತ್ತು: "ಕ್ಷಮಿಸಿ, ತಾಂತ್ರಿಕ ದೋಷ" ನಾಲ್ಕು ಸಲ. "ಇನ್ನು ಎರಡೇ ನಿಮಿಷ" ಐದು ಸಲ. ಆಮೇಲೆ ನಮ್ಮ ಅಜ್ಜ ತೋಟ ಮಾಡಿದ ಕಥೆ ಶುರು ಮಾಡಿದೆ, ಮುಗಿಸಲಿಲ್ಲ. ನಡುವೆ ಮೈಕ್ ಮ್ಯೂಟ್ ಆಗಿದೆ ಎಂದುಕೊಂಡು ತಮ್ಮನಿಗೆ "ಏನು ಮಾಡ್ತಾ ಕೂತಿದ್ದೀಯ" ಎಂದು ಗದರಿದ್ದೂ ಕೇಳಿಸಿದೆ. ಕೊನೆಗೆ ಖಾಲಿ ಕೂರಬಾರದೆಂದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ನಾನೇ ಹೇಳಿದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಅರ್ಧ ಕೆಜಿ ಸುಣ್ಣ ಎಂದೆ. ಆ ತುಣುಕನ್ನು ಯಾರೋ ವಾಟ್ಸಾಪಿನಲ್ಲಿ ಹಂಚಿದ್ದಾರೆ.

ತೋಟದಮನೆ: ಅಯ್ಯೋ ತಂಗಿ, ಒಂದಕ್ಕೊಂದು. ಒಂದು ಕೆಜಿ ಮೈಲುತುತ್ತಕ್ಕೆ ಒಂದು ಕೆಜಿ ಸುಣ್ಣ, ನೀರು 100 ಲೀಟರ್. ಶೇಕಡಾ 1ರ ದ್ರಾವಣ ಅಂದರೆ ಅದೇ. ಸುಣ್ಣ ಕಮ್ಮಿಯಾದರೆ ತಾಮ್ರ ಹೆಚ್ಚಾಗಿ ಎಳೆಕಾಯಿ, ಸೋಗೆ ಸುಡ್ತದೆ. ಹೊಳೆಯುವ ಚಾಕು ಅದ್ದಿ ನೋಡಿ, ಕೆಂಪಗೆ ಲೇಪ ಕೂತರೆ ಸುಣ್ಣ ಸಾಲದು ಎಂದೇ ಅರ್ಥ.

ಉದ್ಘೋಷಕಿ: ತೋಟದಮನೆಯವರಿಗೆ ವಂದನೆ. ತುಂಗಾತೀರ, ಪ್ರೇಕ್ಷಕರ ಲೆಕ್ಕವನ್ನು ಪಕ್ಕಕ್ಕಿಡಿ. ನನಗೆ ದಿಗಿಲು ಹುಟ್ಟಿಸಿದ್ದು 64 ಅಲ್ಲ, ಆ ಅರ್ಧ ಕೆಜಿ.

ಇವತ್ತೇ ಮಾಡಬೇಕಾದದ್ದು: ವಿಡಿಯೊದ ಕೆಳಗೆ ಸರಿಯಾದ ಪ್ರಮಾಣ ಬರೆದು ಆ ಕಾಮೆಂಟನ್ನು ಪಿನ್ ಮಾಡಿ. ಬರೆಯುವ ಮೊದಲು ನಿಮ್ಮ ತಜ್ಞರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಸ್ಟುಡಿಯೊದ ಎಡಿಟರಿನಲ್ಲಿ ಆ ಭಾಗವನ್ನು ಕತ್ತರಿಸಿ. ಹಂಚಿಹೋದ ತುಣುಕನ್ನು ಹಿಂದಕ್ಕೆ ಕರೆಯಲು ಆಗದು, ಹಾಗಾಗಿ ನೀವೇ ಮೂವತ್ತು ಸೆಕೆಂಡಿನ ತಿದ್ದುಪಡಿ ವಿಡಿಯೊ ಮಾಡಿ ಅದೇ ಗುಂಪುಗಳಿಗೆ ಕಳಿಸಿ. ಅದರಲ್ಲಿ ತಪ್ಪು ಪ್ರಮಾಣವನ್ನು ಮತ್ತೆ ಬಾಯಲ್ಲಿ ಹೇಳಬೇಡಿ, ಅರ್ಧ ಕೇಳಿದವರಿಗೆ ಅದೇ ನೆನಪಿನಲ್ಲಿ ಉಳಿಯುತ್ತದೆ. ಸರಿಯಾದದ್ದನ್ನು ಮಾತ್ರ ಎರಡು ಸಲ ಹೇಳಿ.

ಇನ್ನು ಮಾತಿಗೆ ಬರುತ್ತೇನೆ. ಅತಿಥಿ ಮಾಯವಾದಾಗ ನಿರೂಪಕರು ಮುಟ್ಟಬಾರದ ವಿಷಯ ಒಂದೇ ಒಂದು. ಅತಿಥಿಯನ್ನು ಯಾವ ಮಾತಿಗಾಗಿ ಕರೆಸಿದ್ದೀರೋ ಆ ಮಾತು. ಔಷಧದ ಅಳತೆ, ಕಾನೂನಿನ ಸಲಹೆ, ಅರ್ಜಿಯ ಕೊನೆಯ ದಿನಾಂಕ, ಕೇಳಿದವರು ನಾಳೆ ಬೆಳಿಗ್ಗೆ ಎದ್ದು ಮಾಡಿಬಿಡಬಹುದಾದ ಯಾವುದೂ ಖಾಲಿ ಹೊತ್ತು ತುಂಬಿಸಲು ಇರುವುದಲ್ಲ. ಖಾಲಿ ಕೂತಾಗ ನಾಲಿಗೆ ಓಡುವುದು ಮಾತ್ರ ನೇರ ಅಲ್ಲಿಗೇ. ಅವತ್ತಿನ ವಿಷಯವೇ ತಲೆಯಲ್ಲಿ ತುಂಬಿರುತ್ತದಲ್ಲ. ನಾನು ಆಕಾಶವಾಣಿಯಲ್ಲಿ ಕೂತ ವರ್ಷಗಳಲ್ಲಿ ಇದೇ ಗುಂಡಿಗೆ ಬೀಳುವ ಅಂಚಿಗೆ ಎರಡು ಸಲ ಹೋಗಿದ್ದೆ.

ನಿಮ್ಮ ಹನ್ನೊಂದು ನಿಮಿಷವನ್ನೇ ತೆಗೆದುಕೊಳ್ಳೋಣ. ಮೊದಲ ನಿಮಿಷದ 29 ಜನ ನಿಮ್ಮ ಮಾತಿಗೆ ಹೋದವರಲ್ಲ, ಇನ್ನೂ ನೀವು ಏನೂ ಹೇಳಿರಲಿಲ್ಲ. ಅವರು ಕಂಡದ್ದು ಬಾಯಿ ತೆರೆದು ನಿಂತ ಮುಖ. ಕೆಟ್ಟಿರುವುದು ತಮ್ಮ ಮೊಬೈಲೋ ನಿಮ್ಮ ಪ್ರಸಾರವೋ ಎಂದು ಅವರಿಗೆ ಗೊತ್ತಾಗುವುದಿಲ್ಲ, ಮುಚ್ಚಿ ಮತ್ತೆ ತೆರೆಯುತ್ತಾರೆ, ಕೆಲವರು ತೆರೆಯುವುದೇ ಇಲ್ಲ. ಆದ್ದರಿಂದ ಮೊದಲ ಹತ್ತು ಸೆಕೆಂಡು ನಿಮ್ಮ ತಮ್ಮನ ಕೆಲಸ. ಲೈವ್ ಕಳಿಸುವ ಒಬಿಎಸ್ ತಂತ್ರಾಂಶದಲ್ಲಿ ನೀವೊಬ್ಬರೇ ಇರುವ ಒಂದು ದೃಶ್ಯವನ್ನು ಮೊದಲೇ ಮಾಡಿಟ್ಟಿರಬೇಕು. ಅತಿಥಿ ನಿಂತ ಕ್ಷಣ ಅದಕ್ಕೆ ತಿರುಗಿಸುವುದು. ಮುಖ ಅಲುಗಾಡುತ್ತಿದ್ದರೆ ಪ್ರಸಾರ ಬದುಕಿದೆ ಎಂದು ನೋಡುವವರಿಗೆ ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ ನಿಮಗೂ ಒಂದು ವಿಷಯ ಗೊತ್ತಾಗಬೇಕು, ನಿಮ್ಮ ಧ್ವನಿ ಹೊರಗೆ ಹೋಗುತ್ತಿದೆಯೋ ಇಲ್ಲವೋ. ಇದು ತಿಳಿಯದೆ ಮಾತಾಡುವುದೇ ಗದರಿಕೆ ಪ್ರಸಾರವಾಗಲು ಕಾರಣ. ತಮ್ಮನ ಕೈಯಲ್ಲಿ ಒಂದು ಮೊಬೈಲ್ ಇರಲಿ, ಕೋಣೆಯ ವೈಫೈ ಅಲ್ಲ, ಸಿಮ್ಮಿನ ಡೇಟಾದಲ್ಲಿ, ಇಯರ್‌ಫೋನ್ ಹಾಕಿಕೊಂಡು ನಿಮ್ಮದೇ ಲೈವ್ ಕೇಳುತ್ತಿರಲಿ. ಒಬಿಎಸ್ ಕೆಳಗಿನ ಪಟ್ಟಿಯಲ್ಲಿ `Dropped Frames` ಏರುತ್ತಿದ್ದರೆ ತೊಂದರೆ ನಿಮ್ಮ ಕಡೆಯ ನೆಟ್‌ನಲ್ಲೇ ಇದೆ, ಅತಿಥಿಯ ಮನೆಯಲ್ಲಲ್ಲ. ಆಗ ನೀವು ಎಷ್ಟು ಚೆನ್ನಾಗಿ ಮಾತಾಡಿದರೂ ಕೇಳುವವರಿಗೆ ತುಂಡುತುಂಡು. ಒಂದು ಸ್ಲೇಟು ಇಟ್ಟುಕೊಳ್ಳಿ. ಅದರಲ್ಲಿ ತಮ್ಮ ಬರೆಯುವುದು ಎರಡೇ: "ಕೇಳ್ತಿದೆ" ಅಥವಾ "ಕೇಳ್ತಿಲ್ಲ". ಅದನ್ನು ಕ್ಯಾಮೆರಾದ ಪಕ್ಕದಲ್ಲೇ ಹಿಡಿಯಬೇಕು, ನಿಮ್ಮ ಕಣ್ಣು ಅತ್ತಿತ್ತ ಓಡಬಾರದು. ಸ್ಲೇಟು ಕಾಣುವವರೆಗೂ ಮೈಕ್ ತೆರೆದೇ ಇದೆ ಎಂದು ನಡೆದುಕೊಳ್ಳಿ.

ನಿವೃತ್ತ ಮೇಷ್ಟ್ರು: ದೂರದರ್ಶನದಲ್ಲಿ "ರುಕಾವಟ್ ಕೆ ಲಿಯೇ ಖೇದ್ ಹೈ" ಎಂದು ಒಂದು ಫಲಕ ಹಾಕಿ ಸುಮ್ಮನಿರುತ್ತಿದ್ದರು. ನಾವು ಹತ್ತು ನಿಮಿಷವೂ ಅದನ್ನೇ ನೋಡುತ್ತ ಕೂತಿರುತ್ತಿದ್ದೆವು. ಈಗಿನವರಿಗೆ ಸುಮ್ಮನಿರುವುದೇ ಬರುವುದಿಲ್ಲ.

ಹುಬ್ಬಳ್ಳಿ ಹುಡುಗ: ಸರ್, ಆವಾಗ ಒಂದೇ ಚಾನೆಲ್ ಇತ್ತರಿ. ಎದ್ದು ಎಲ್ಲಿ ಹೋಗ್ತಿದ್ರಿ? ಈಗ ಬೆರಳು ತುಸು ಸರಿದ್ರ ಮುಗೀತು. ಕಾಮೆಂಟ್ರಿ ಒಂದ್ ಸೆಕೆಂಡೂ ನಿಲ್ಲಬಾರ್ದು, ಅದೇ ರೂಲ್.

ನಿವೃತ್ತ ಮೇಷ್ಟ್ರು: ನಿಲ್ಲದ ಬಾಯಿಯಿಂದಲೇ ಅರ್ಧ ಕೆಜಿ ಸುಣ್ಣ ಬಂದದ್ದು ತಮ್ಮಾ.

ಉದ್ಘೋಷಕಿ: ಮೇಷ್ಟ್ರೇ, ಅವರು ತಪ್ಪನ್ನು ತಾವೇ ತಂದು ಇಲ್ಲಿಟ್ಟಿದ್ದಾರೆ. ಅದನ್ನು ಎತ್ತಿ ಹೊಡೆಯುವುದು ಬೇಡ. ಫಲಕದ ಮಾತು ಮಾತ್ರ ನಿಜ, ಅದಕ್ಕೆ ಈಗಲೇ ಬರುತ್ತೇನೆ. ಹುಬ್ಬಳ್ಳಿಯವರೇ, ಒಂದು ಸೆಕೆಂಡೂ ನಿಲ್ಲಬಾರದು ಎಂಬುದು ಯಾವ ರೂಲೂ ಅಲ್ಲ.

ತುಂಗಾತೀರ, "ಎರಡೇ ನಿಮಿಷ" ಐದು ಸಲ ಬಂದಿದೆಯಲ್ಲ. ಮೂರನೆಯದು ಎಷ್ಟು ಹೊತ್ತಿಗೆ?

ತುಂಗಾತೀರ: 7:27 ಅಕ್ಕ. ಅದಾದ ಕೂಡಲೇ ಅಜ್ಜನ ಕಥೆ.

ಉದ್ಘೋಷಕಿ: ಗೆರೆ ಕುಸಿದದ್ದೂ ಅಲ್ಲೇ. ಅತಿಥಿಯ ಮನೆಯ ಕರೆಂಟು ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಹೊತ್ತು ಹೇಳಿದಿರಿ, ಅದು ಎರಡು ಸಲ ಸುಳ್ಳಾಯಿತು, ಮೂರನೇ ಸಲ ಯಾರೂ ನಂಬಲಿಲ್ಲ. ನಿಮ್ಮ ಕೈಯಲ್ಲಿರುವುದು ಸುದ್ದಿ ಹೇಳುವ ಹೊತ್ತು. ಹೀಗೆ ಹೇಳಿ ನೋಡಿ: "ನಮ್ಮ ಅತಿಥಿಯ ಊರಿನಲ್ಲಿ ಕರೆಂಟ್ ಹೋಗಿದೆ. ಫೋನಿನಲ್ಲಿ ಅವರನ್ನು ಹಿಡಿಯುತ್ತಿದ್ದೇವೆ. ಏನಾಯಿತೆಂದು 7:26ಕ್ಕೆ ನಿಮಗೆ ಹೇಳುತ್ತೇನೆ." 7:26ಕ್ಕೆ ಏನೂ ಆಗಿರದಿದ್ದರೂ "ಇನ್ನೂ ಸಿಕ್ಕಿಲ್ಲ, ಮತ್ತೆ 7:29ಕ್ಕೆ" ಎನ್ನಿ. ಆಡಿದ ಮಾತು ಉಳಿಯಿತಲ್ಲ, ಕಾಯುವವರು ಕಾಯುತ್ತಾರೆ. ಕ್ಷಮೆ ಒಂದು ಸಲ ಸಾಕು. "ತಾಂತ್ರಿಕ ದೋಷ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, "ಕರೆಂಟ್ ಹೋಗಿದೆ" ಎಂದರೆ ಮಲೆನಾಡಿನಲ್ಲಿ ಮಕ್ಕಳಿಗೂ ತಿಳಿಯುತ್ತದೆ.

ನುಡಿಕಾವಲು: "ಕರೆಂಟ್", "ಲೈವ್", "ಮ್ಯೂಟ್"! ನಿರೂಪಣೆ ಕಲಿಸುವವರೇ ಹೀಗೆ ಬರೆದರೆ ಹೇಗೆ? ವಿದ್ಯುತ್ ಎನ್ನಲು ಏನು ಕಷ್ಟ?

ಕಡಲ ಕಿನಾರೆ: ನಿಮ್ಮ ಮನೆಯಲ್ಲಿ "ವಿದ್ಯುತ್ ಹೋಯಿತು" ಅಂತ ಕೂಗುತ್ತಾರಾ ಮಾರಾಯ್ರೆ?

ನುಡಿಕಾವಲು: ಮನೆ ಬೇರೆ, ಸಾರ್ವಜನಿಕ ವೇದಿಕೆ ಬೇರೆ. ನಿಮ್ಮಂಥವರಿಂದಲೇ ಭಾಷೆ ಹೀಗಾದದ್ದು.

ಹುಬ್ಬಳ್ಳಿ ಹುಡುಗ: ಶುರುವಾತ ನೋಡ್ರಿ. ಇಲ್ಲಿ ಪ್ರಶ್ನೆ ಏನ ಐತಿ, ಇವರು ಏನ ಹೇಳಾಕತ್ತಾರ.

ಡಲ್ಲಾಸ್ ಕನ್ನಡತಿ: ನಮ್ಮ ಕನ್ನಡ ಕೂಟದ ಲೈವ್‌ನಲ್ಲಿ ಬೆಂಗಳೂರಿನ ಅತಿಥಿ ನಿದ್ದೆಗಣ್ಣಲ್ಲಿ ತಡವಾಗಿ ಬರುತ್ತಾರೆ. ಅವರ ಬೆಳಗಿನ ಹೊತ್ತಿಗೆ ಹೊಂದಿಸಬೇಕೋ ನಮ್ಮ ಸಂಜೆಗೋ? ಮತ್ತೆ ರಿಂಗ್ ಲೈಟ್ ಯಾವುದು ಒಳ್ಳೆಯದು?

ಕಾರ್ಯಕ್ರಮ ಬಂಧು: ಫಾರ್ವರ್ಡ್ ಆಗಿ ಬಂದದ್ದು, ಉಪಯೋಗ ಆಗಬಹುದು: "ಲೈವ್ ನಿಂತಾಗ ಪ್ರೇಕ್ಷಕರು ಓಡದಿರಲು ಮೂರು ಗುಟ್ಟು! ಹಳೆಯ ವಿಡಿಯೊ ಹಾಕಿ, ಲೈವ್ ಎಂದೇ ಹೇಳಿ. ಕೇಳುತ್ತಿದ್ದರೆ 1 ಟೈಪ್ ಮಾಡಿ ಎಂದು ಪ್ರತಿ ನಿಮಿಷ ಹೇಳಿ. ಗಂಟಲಿಗೆ ಬಿಸಿನೀರು, ಜೇನು."

ಉದ್ಘೋಷಕಿ: ಬಂಧುಗಳೇ, ಇದೇ ಸಂದೇಶವನ್ನು ಈ ತಿಂಗಳು ಮೂರನೇ ಸಲ ನೋಡುತ್ತಿದ್ದೇನೆ. ಹಳೆಯ ವಿಡಿಯೊ ತೋರಿಸಿ ಲೈವ್ ಎನ್ನುವುದು ಸುಳ್ಳು. ಹಿಂದಿನ ತಿಂಗಳು ನೋಡಿದವರು ಮೊದಲ ವಾಕ್ಯಕ್ಕೇ ಹಿಡಿಯುತ್ತಾರೆ, ಆಮೇಲೆ ನಿಮ್ಮ ನಿಜವಾದ ಲೈವನ್ನೂ ನಂಬುವುದಿಲ್ಲ. ಹಳೆಯದು ತೋರಿಸಲೇಬೇಕಿದ್ದರೆ "ಹಿಂದಿನ ಕಾರ್ಯಕ್ರಮದ ಭಾಗ" ಎಂದು ಪರದೆ ಮೇಲೆ ಬರೆದಿರಲಿ. "1 ಟೈಪ್ ಮಾಡಿ" ಎಂದರೆ ಚಾಟ್ ತುಂಬ 1 ಬೀಳುತ್ತದೆ, ಬೇಕಾದ ಒಂದು ಪ್ರಶ್ನೆ ಅದರಡಿ ಹೂತುಹೋಗುತ್ತದೆ. ನಿಮ್ಮ ಧ್ವನಿ ಕೇಳುತ್ತಿದೆಯೇ ಎಂದು ತಿಳಿಯಲು ತಮ್ಮನ ಕೈಯ ಮೊಬೈಲ್ ಇದೆ, ಪ್ರೇಕ್ಷಕರನ್ನು ದುಡಿಸಬೇಡಿ. ಜೇನು ಕುಡಿಯಿರಿ, ಅಡ್ಡಿಯಿಲ್ಲ.

ಚಾಟ್‌ನ ಮಾತು ಬಂತು, ಅದನ್ನು ಸರಿಯಾಗಿಯೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. "ಎಷ್ಟು ಜನರ ತೋಟದಲ್ಲಿ ಕೊಳೆ ಬಂದಿದೆ, ಬರೆಯಿರಿ" ಎಂದು ಕೇಳುತ್ತೀರಿ. ಚಾಟ್ ನೋಡುತ್ತೀರಿ, ಒಂದೂ ಇಲ್ಲ. "ಯಾರೂ ಬರೀತಿಲ್ಲ" ಎನ್ನುತ್ತೀರಿ. ನಿಮ್ಮ ಪ್ರಶ್ನೆ ಅವರನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ! ಯೂಟ್ಯೂಬಿನಲ್ಲಿ ವಿಳಂಬಕ್ಕೆ ಮೂರು ಆಯ್ಕೆ ಇವೆ. ಅತಿ ಕಡಿಮೆಯದು ಬಹುತೇಕ 5 ಸೆಕೆಂಡಿನೊಳಗೆ, ನಡುವಿನದು 10ರೊಳಗೆ, ಸಾಮಾನ್ಯದ್ದು ಅದಕ್ಕಿಂತ ಹೆಚ್ಚು. ನೆಟ್ ದುರ್ಬಲವಾಗಿರುವ ಊರಿನಲ್ಲಿ ಸಾಮಾನ್ಯವೇ ಇರಲಿ, ವಿಳಂಬ ಕಡಿಮೆ ಮಾಡಿದಷ್ಟೂ ನೋಡುವವರಿಗೆ ಚಿತ್ರ ನಿಂತುನಿಂತು ಬರುತ್ತದೆ. ಲೈವ್ ಶುರುವಾದ ಮೇಲೆ ಒಮ್ಮೆ ಕೈ ಎತ್ತಿ, ತಮ್ಮನ ಮೊಬೈಲಿನಲ್ಲಿ ಆ ಕೈ ಎಷ್ಟು ಸೆಕೆಂಡಿಗೆ ಏಳುತ್ತದೆ ಎಂದು ಎಣಿಸಿ. ಇಪ್ಪತ್ತು ಬಂತು ಎನ್ನಿ. ಟೈಪ್ ಮಾಡಲು ಇನ್ನೊಂದು ಇಪ್ಪತ್ತು ಸೇರಿಸಿ. ಪ್ರಶ್ನೆ ಹಾಕಿ, ಮುಂದಿನ ಮುಕ್ಕಾಲು ನಿಮಿಷ ಬೇರೇನೋ ಹೇಳಿ, ಆಮೇಲೆ ಚಾಟಿಗೆ ತಿರುಗಿ. ಆಗ ಉತ್ತರಗಳು ಸಾಲಾಗಿ ಬಂದು ನಿಂತಿರುತ್ತವೆ. ಪ್ರಶ್ನೆಯೂ ಒಂದು ಪದದಲ್ಲಿ ಉತ್ತರಿಸುವಂಥದ್ದಿರಲಿ. "ನಿಮ್ಮ ಊರು ಯಾವುದು, ಮಳೆ ಇದೆಯಾ" ಎಂದರೆ ಸಾಕು.

ತುಂಗಾತೀರ: ಆ ಮುಕ್ಕಾಲು ನಿಮಿಷಕ್ಕೆ ಏನು ಹೇಳಲಿ ಅಕ್ಕ? ಅಜ್ಜನ ಕಥೆಯೇ ತಪ್ಪಾಯಿತಾ?

ಉದ್ಘೋಷಕಿ: ಕಥೆ ತಪ್ಪಲ್ಲ, ಅದರ ಕಟ್ಟು ಆ ಹೊತ್ತಿಗೆ ಹೊಂದುವುದಿಲ್ಲ. ಕಥೆಗೆ ಕೊನೆ ಬೇಕು. ಅತಿಥಿ ನಡುವೆ ಬಂದುಬಿಟ್ಟರೆ ಅದನ್ನು ಅರ್ಧಕ್ಕೆ ಬಿಡಬೇಕು, ಅಥವಾ ಅತಿಥಿಯನ್ನು ಕಾಯಿಸಿ ಮುಗಿಸಬೇಕು. ಎರಡೂ ಚೆನ್ನಾಗಿರುವುದಿಲ್ಲ. ಯಾವ ವಾಕ್ಯದಲ್ಲಿ ನಿಲ್ಲಿಸಿದರೂ ಪೂರ್ತಿ ಎನಿಸುವ ಮಾತು ಬೇಕು.

ಅಂಥ ಮಾತು ನಿಮ್ಮ ಬಳಿ ಆಗಲೇ ಇತ್ತು. 7:22ರವರೆಗೆ ತಜ್ಞರು ಏನು ಹೇಳಿದ್ದರು ಎಂಬುದು. ಲೈವಿಗೆ ಜನ ನಡುನಡುವೆ ಬರುತ್ತಿರುತ್ತಾರೆ, ಹತ್ತು ನಿಮಿಷ ತಡವಾಗಿ ಬಂದವನಿಗೆ ಮೊದಲಿನದು ಗೊತ್ತಿಲ್ಲ. "ಇದುವರೆಗೆ ಮೂರು ಮಾತು ಬಂದವು" ಎಂದು ಹೇಳಿದರೆ ಅವನಿಗೂ ಆಯಿತು, ಮೊದಲಿನಿಂದ ಕೂತವನಿಗೂ ಮನನವಾಯಿತು. ಇದಕ್ಕೆ ನೀವು ಅವರು ಮಾತಾಡುವಾಗಲೇ ಒಂದೊಂದು ಸಾಲು ಬರೆದುಕೊಳ್ಳುತ್ತಿರಬೇಕು. ಬರೆದುಕೊಂಡದ್ದರಲ್ಲೂ ಅಳತೆ ಬಂದರೆ "ಅಳತೆಯನ್ನು ಅವರ ಬಾಯಿಂದಲೇ ಮತ್ತೆ ಕೇಳೋಣ" ಎಂದು ದಾಟಿ. ಎರಡನೆಯದು, ಅವರು ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳು. ಚಾಟ್‌ನಿಂದ ಎರಡು ಮೂರು ಓದಿ, ಒಂದನ್ನು "ಇದನ್ನೇ ಮೊದಲು ಕೇಳುತ್ತೇನೆ" ಎಂದು ತೆಗೆದಿಡಿ. ಬರೆದವರು ಉತ್ತರ ಬರುವವರೆಗೂ ಹೋಗುವುದಿಲ್ಲ. ಮೂರನೆಯದು ಅತಿಥಿಯಿಂದಲೇ ಮೊದಲು ಇಸಿದುಕೊಂಡ ಚೀಟಿ. ಕಾರ್ಯಕ್ರಮದ ಹಿಂದಿನ ದಿನ ಅವರಿಗೆ ಫೋನ್ ಮಾಡಿ, ನೀವು ಇಲ್ಲದಿದ್ದರೂ ನಾನು ಓದಬಹುದಾದ ಮೂರು ಮಾತು ಹೇಳಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಇವೆಲ್ಲ ಸೇರಿ ಐದು ನಿಮಿಷಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಒಬ್ಬರೇ ಮಾತಾಡಿದರೆ ತೇಲಲು ಶುರುವಾಗುತ್ತದೆ, ನನಗೂ ಆಗುತ್ತದೆ. ಮೇಷ್ಟ್ರ ಫಲಕ ಬರುವುದು ಇಲ್ಲಿ. "ಅತಿಥಿಯ ಊರಿನಲ್ಲಿ ಕರೆಂಟ್ ಇಲ್ಲ. 7:30ಕ್ಕೆ ಮುಂದಿನ ಸುದ್ದಿ" ಎಂದು ದೊಡ್ಡಕ್ಷರದಲ್ಲಿ ಹಾಕಿ ಸುಮ್ಮನಾಗಿ, ನೀರು ಕುಡಿಯಿರಿ. 7:30ಕ್ಕೆ ಮುಖ ತೋರಿಸಿ. ಆ ಬಿಡುವಿನಲ್ಲಿ ತಮ್ಮ ಅತಿಥಿಗೆ ಮಾಮೂಲಿ ಫೋನ್ ಕರೆ ಮಾಡಲಿ. ಮಳೆಗಾಲದಲ್ಲಿ ಡೇಟಾ ಸತ್ತರೂ ಕರೆ ಎಷ್ಟೋ ಸಲ ಹೋಗುತ್ತದೆ. ಹೋದರೆ ಫೋನನ್ನು ಸ್ಪೀಕರಿಗೆ ಹಾಕಿ ನಿಮ್ಮ ಮೈಕ್ ಹತ್ತಿರ ಹಿಡಿಯಿರಿ, ಪರದೆಗೆ ಅವರ ಒಂದು ಫೋಟೊ. ಚಿತ್ರವಿಲ್ಲದಿದ್ದರೂ ಅಡಿಕೆಯವರು ಕೇಳುತ್ತಾರೆ. ಇನ್ನೊಂದು ವಿಷಯ, ಯೂಟ್ಯೂಬಿನ ಲೈವ್ ಸೆಟ್ಟಿಂಗಿನಲ್ಲಿ `Enable Auto-stop` ಆಫ್ ಮಾಡಿಡಿ. ಅದು ಆನ್ ಇದ್ದು ನಿಮ್ಮ ಲ್ಯಾಪ್‌ಟಾಪೇ ಕಡಿದುಹೋದರೆ ಲೈವ್ ಮುಗಿದೇಹೋಗುತ್ತದೆ, ಕಾಯುತ್ತಿದ್ದವರಿಗೆ ವಾಪಸ್ ಬರಲು ಅದೇ ಲಿಂಕ್ ಇರುವುದಿಲ್ಲ.

ತೋಟದಮನೆ: ಒಂದು ಮಾತು. ನಾನು ಅವತ್ತು ಆ ಲೈವ್ ನೋಡುತ್ತಿದ್ದೆ. 7:27ಕ್ಕೆ ಹೋದವರಲ್ಲಿ ನಾನೂ ಒಬ್ಬ. ತಂಗಿಯ ಮಾತು ಬೇಸರ ಬಂದು ಅಲ್ಲ, ನಮ್ಮ ಮನೆಯಲ್ಲೂ ಆಗಲೇ ಕರೆಂಟ್ ಹೋಯಿತು, ಟವರೂ ಹೋಯಿತು. ಅದೇ ಮಳೆ, ಅದೇ ಲೈನು. 65 ಜನ ಒಟ್ಟಿಗೆ ಬೇಸರ ಮಾಡಿಕೊಂಡರು ಎನ್ನುವುದಕ್ಕಿಂತ ಒಂದು ಫೀಡರ್ ಹೋಯಿತು ಎನ್ನುವುದು ನನಗೆ ಸರಿ ಕಾಣುತ್ತದೆ.

ಉದ್ಘೋಷಕಿ: ಇದು ನನಗೆ ಹೊಳೆದಿರಲಿಲ್ಲ. ಮೂರನೇ "ಎರಡು ನಿಮಿಷ" ಕಾರಣ ಎಂದು ನಾನು ಹೇಳಿದ್ದು ಪೂರ್ತಿ ನಿಲ್ಲುವುದಿಲ್ಲ. ತುಂಗಾತೀರ, ಚಾಟಿನಲ್ಲಿ ಆ ಹೊತ್ತಿಗೆ ಮಾತು ಹೇಗಿತ್ತು? ಬೇಸರದ ಸಾಲುಗಳಿದ್ದವೋ, ಇಲ್ಲಾ ಒಮ್ಮೆಲೇ ಮೌನವೋ?

ತುಂಗಾತೀರ: ಇಬ್ಬರು "ಸಾರ್ ಯಾವಾಗ ಬರ್ತಾರೆ" ಎಂದು ಬರೆದಿದ್ದಾರೆ. ಒಬ್ಬರು "ಎಷ್ಟು ಎರಡು ನಿಮಿಷ ಮೇಡಂ". ಆಮೇಲೆ ಮೌನ.

ಉದ್ಘೋಷಕಿ: ಎರಡೂ ಸೇರಿರಬೇಕು. ಎಷ್ಟು ಪಾಲು ಯಾವುದು ಎಂದು ಈ ಗೆರೆಯಿಂದ ಹೇಳಲಾಗದು.

ಮಂಟಪದ ಮಾತುಗಾರ: ನಾನು ಮದುವೆ, ಆರತಕ್ಷತೆ ನಿರೂಪಣೆ ಮಾಡುವವನು. ಜನರೇಟರ್ ನಿಂತರೆ ನಾನು ಒಗಟು ಹೇಳುತ್ತೇನೆ, ಗಂಡಿನ ಕಡೆಯವರ ಕೈಲಿ ಒಡಪು ಹೇಳಿಸುತ್ತೇನೆ. ಅರ್ಧ ಗಂಟೆ ಸಲೀಸು. ಇದರಲ್ಲಿ ಇಷ್ಟು ತಲೆಕೆಡಿಸಿಕೊಳ್ಳಲು ಏನಿದೆ?

ಉದ್ಘೋಷಕಿ: ನಿಮ್ಮ ಎದುರಿಗೆ ಜನ ಕೂತಿದ್ದಾರೆ, ಊಟ ಆಗದೆ ಏಳುವುದಿಲ್ಲ. ಇದು ಬೇರೆ.

ಸಂಜೆ ಸ್ಟ್ರೀಮರ್: ಮೇಡಂ, ತಡ ಆದಾಗ ಹಿಟ್ ಸಾಂಗ್ ಮೆಲ್ಲಗೆ ಹಾಕಬಹುದಾ? ವಾಲ್ಯೂಮ್ ಕಮ್ಮಿ ಇಟ್ಟರೆ ಹಿಡಿಯಲ್ಲ ಅಂತಾರೆ.

ಉದ್ಘೋಷಕಿ: ಮೇಲೆ ಓದಿ. ಬೇಡ.

ಸಂಜೆ ಸ್ಟ್ರೀಮರ್: ಹತ್ತು ಸೆಕೆಂಡ್ ಆದರೆ?

ಉದ್ಘೋಷಕಿ: ಬೇಡ.

ಕಾರ್ಯಕ್ರಮ ಬಂಧು: ಅಷ್ಟು ಸಿಟ್ಟೇಕೆ ಮೇಡಂ. ಕೇಳಿದ್ದು ತಪ್ಪಾ? ನಾನೂ ಒಳ್ಳೇದಕ್ಕೇ ಕಳಿಸಿದ್ದು, ಜೇನು ಕುಡಿಯಿರಿ ಅಂತ ಹೇಳಿಸಿಕೊಂಡೆ.

ನುಡಿಕಾವಲು: ಸರಿಯಾಗಿ ಕೇಳಿದಿರಿ. ಇಲ್ಲಿ ತಿಳಿದವರು ಒಬ್ಬರೇ, ಉಳಿದವರು ಕೈಕಟ್ಟಿ ಕೂರಬೇಕು.

ಕಡಲ ಕಿನಾರೆ: ನೀವು ಇಷ್ಟು ಹೊತ್ತು ಕೈಕಟ್ಟಿ ಕೂತದ್ದು ನಾನಂತೂ ಕಾಣಲಿಲ್ಲ.

ಉದ್ಘೋಷಕಿ: ಬಂಧುಗಳೇ, ಸಿಟ್ಟು ನಿಮ್ಮ ಮೇಲಲ್ಲ, ಆ ಸಂದೇಶದ ಮೇಲೆ. ಅದನ್ನು ನಂಬಿ ಹಳೆಯ ವಿಡಿಯೊ ಹಾಕಿದ ಒಂದು ಊರಿನ ಸಂಘದವರು ಆಮೇಲೆ ನನ್ನ ಹತ್ತಿರ ಬಂದು ಅತ್ತಿದ್ದರು. ಓದದೆ ಕಳಿಸಬೇಡಿ, ಅಷ್ಟೇ. ನುಡಿಕಾವಲು ಅವರೇ, ನಿಮ್ಮ ವಾದಕ್ಕೆ ಬೇರೆ ಪೋಸ್ಟ್ ಹಾಕಿ.

ಹುಬ್ಬಳ್ಳಿಯವರೇ, ನಿಮ್ಮ ಕಬಡ್ಡಿ ಉಳಿದಿದೆ. ಹಾಡಿನ ಬದಲು ಆಟ ಎಲ್ಲಿ ನಿಂತಿತು ಎಂಬುದನ್ನೇ ಹಿಡಿಯಿರಿ. ಅಂಕ ಎಷ್ಟು, ಅಂಕಣದಲ್ಲಿ ಎಷ್ಟು ಜನ, ಹೊರಗೆ ಕೂತವರು ಯಾರು. ಔಟಾದ ಕ್ರಮದಲ್ಲೇ ಅವರು ಒಳಗೆ ಬರಬೇಕಲ್ಲ, ಹಾಗಾದರೆ ಮುಂದಿನ ಅಂಕಕ್ಕೆ ಮೊದಲು ಯಾರು ಬರುತ್ತಾರೆ. ಎರಡು ಖಾಲಿ ರೈಡ್ ಆಗಿದ್ದರೆ ಮುಂದಿನದು ಗೆಲ್ಲಲೇಬೇಕಾದ ರೈಡ್, ಯಾರನ್ನು ಕಳಿಸಬಹುದು ಎಂದು ಚಾಟಿಗೆ ಕೇಳಿ. ಆಮೇಲೆ ಮೈದಾನದ ಮೈಕ್ ತೆರೆದು ಎರಡು ನಿಮಿಷ ಸುಮ್ಮನಿರಿ.

ಹುಬ್ಬಳ್ಳಿ ಹುಡುಗ: ಸುಮ್ಮನಿರೋದ್ ಒಪ್ಪಂಗಿಲ್ಲ ನಾನು. ಉಳಿದದ್ದು ಛಲೋ ಐತ್ರಿ. ಯಾರ ಮೊದಲು ಒಳಗ ಬರ್ತಾರ ಅಂತ ನಾವು ಬರ್ಕೊಂಡೇ ಇರ್ಲಿಲ್ಲ.

ಡಲ್ಲಾಸ್ ಕನ್ನಡತಿ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ ಅನಿಸುತ್ತೆ.

ತುಂಗಾತೀರ: ಅಕ್ಕ, ಕಾಮೆಂಟ್ ಪಿನ್ ಮಾಡಿದೆ, ತಜ್ಞರೇ ಒಪ್ಪಿದ ಪ್ರಮಾಣ ಹಾಕಿದೆ. ತಿದ್ದುಪಡಿ ವಿಡಿಯೊ ಹೋಯಿತು. ಮುಂದಿನ ತಿಂಗಳ ವಿಷಯ ಎಲೆಚುಕ್ಕಿ ರೋಗ. ಅವರಿಂದ ಮೂರು ಚೀಟಿಯೂ ಬರೆಸಿಕೊಂಡೆ. ಒಂದು, ರೋಗದ ಸೋಗೆಯ ಫೋಟೊ ಹೇಗೆ ತೆಗೆದು ಕಳಿಸಬೇಕು. ಎರಡು, ಎಷ್ಟು ದಿನಕ್ಕೊಮ್ಮೆ ಯಾವ ಔಷಧ ಹೊಡೆಯಬೇಕು. ಮೂರು, ಅವರು ಮೊದಲ ಸಲ ಈ ರೋಗ ಕಂಡ ತೋಟ ಹೇಗಿತ್ತು.

ಉದ್ಘೋಷಕಿ: ಒಂದು ಇರಲಿ, ತುಂಬ ಚೆನ್ನಾಗಿದೆ. ಓದುವಾಗ ನಿಮ್ಮ ಕೈಯಲ್ಲೊಂದು ಸೋಗೆ ಹಿಡಿದು ತೋರಿಸಿ. ಮೂರನೆಯದು ಕಥೆ, ಅದನ್ನು ಅವರೇ ಹೇಳಲಿ. ಎರಡನೇ ಚೀಟಿಯನ್ನು ಹರಿದುಹಾಕಿ, ಮೇಜಿನ ಮೇಲೆ ಇದ್ದರೆ ಓದಿಬಿಡುತ್ತೀರಿ.